ಕಾಣದ ಹಾಳೆಗೆ ಬರೆದ ಉತ್ತರ

“ಸಂಪಾದಕರೇ, ನನ್ನ ಪತ್ರದ ಮೊದಲ ಹಾಳೆ ಬಂದಿಲ್ಲ ಅಂತ ಕಳೆದ ತಿಂಗಳು ಉತ್ತರವನ್ನೇ ಕೊಡಲಿಲ್ಲ. ಎರಡನೇ ಹಾಳೆ ಇತ್ತಲ್ಲ? ಉಳಿದದ್ದನ್ನು ಊಹಿಸಿ ಬರೆಯೋಕೆ ಏನಾಗಿತ್ತು?”
— ಡೊಂಬಿವಲಿಯ ಓದುಗರು

ನಿಮ್ಮ ಸಿಟ್ಟು ಅರ್ಥವಾಗುತ್ತದೆ ಸ್ವಾಮಿ. ಆದರೆ ಆ ಲಕೋಟೆ ಮಳೆಯಲ್ಲಿ ನೆಂದು ಬಂದಿತ್ತು. ಓದಲು ಸಿಕ್ಕಿದ್ದು ಇಷ್ಟೇ: ‘ಕರಾರು 11 ತಿಂಗಳದ್ದು. ನೋಂದಣಿ ಮಾಡಿಸಲೇಬೇಕಾ?’ ಬಾಡಿಗೆ ಮನೆ ಯಾವ ಊರಿನದು ಎಂಬುದು ಕಳೆದುಹೋದ ಹಾಳೆಯಲ್ಲಿತ್ತೋ ಏನೋ.

ಊಹಿಸುವುದು ಕಷ್ಟವೇನಿರಲಿಲ್ಲ. ತೊಂದರೆ ಇರುವುದೇ ಅಲ್ಲಿ. ನಾನು ಹುಬ್ಬಳ್ಳಿ ಕಡೆಯವನು. 11 ತಿಂಗಳು ಅಂದ ಕೂಡಲೇ ‘ಬೇಕಿಲ್ಲ’ ಅಂತ ಬಾಯಿಗೆ ಬಂದುಬಿಡುತ್ತದೆ. 1908ರ ನೋಂದಣಿ ಕಾಯ್ದೆಯ ಪ್ರಕಾರ ಒಂದು ವರ್ಷ ಮೀರಿದ ಬಾಡಿಗೆ ಕರಾರಿಗೆ ನೋಂದಣಿ ಕಡ್ಡಾಯ. ಅದಕ್ಕೇ ನಮ್ಮೂರಲ್ಲಿ ಜನ 11ಕ್ಕೆ ನಿಲ್ಲಿಸುತ್ತಾರೆ. ಇಲ್ಲಿ ಹಾಗಲ್ಲ. ಮಹಾರಾಷ್ಟ್ರದ 1999ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೇ ಕಲಮಿನಂತೆ, ಅವಧಿ ಎಷ್ಟೇ ಇರಲಿ, ಬಾಡಿಗೆ ಕರಾರಾಗಲಿ, ಮನೆ ಬಳಸಲು ಅನುಮತಿ ಮಾತ್ರ ಕೊಡುವ ಲೀವ್ ಅಂಡ್ ಲೈಸೆನ್ಸ್ ಕರಾರಾಗಲಿ, ಬರವಣಿಗೆಯಲ್ಲಿರಬೇಕು, ನೋಂದಣಿಯೂ ಆಗಬೇಕು. ಹೊಣೆ ಮಾಲೀಕರದು. ತಪ್ಪಿದರೆ 3 ತಿಂಗಳವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಇನ್ನೊಂದು ಪೆಟ್ಟೂ ಇದೆ. ತಕರಾರು ಬಂದರೆ, ಷರತ್ತುಗಳ ಬಗ್ಗೆ ಬಾಡಿಗೆದಾರ ಹೇಳಿದ್ದೇ ನಡೆಯುತ್ತದೆ. ಅದು ಸುಳ್ಳು ಅಂತ ತೋರಿಸುವ ಕೆಲಸ ಮಾಲೀಕರ ತಲೆಗೆ.

ಹಿಂದೊಮ್ಮೆ ಫೋನಿನಲ್ಲಿ ಯಾರದೋ ಪರವಾಗಿ ಯಾರೋ ಇದನ್ನೇ ಕೇಳಿದ್ದರು. ‘ಬೇಕಿಲ್ಲ, ಸುಮ್ನೆ ಖರ್ಚು’ ಅಂದುಬಿಟ್ಟೆ. ಮನೆ ಮುಂಬಯಿ ಪಕ್ಕದ ಠಾಣೆ ಊರಿನಲ್ಲಿತ್ತು. ನಾನು ಹೇಳಿದ ಕಾನೂನು ಸರಿ, ಊರು ತಪ್ಪು. ನನ್ನ ದನಿಯಲ್ಲಿ ಅನುಮಾನದ ಎಳೆಯೂ ಇರಲಿಲ್ಲವಾದ್ದರಿಂದ ಕೇಳಿದವರೂ ‘ಯಾವ ಊರಿಗೆ ಹೇಳ್ತಿದ್ದೀರಿ’ ಅನ್ನಲಿಲ್ಲ.

ಅಂದಿನಿಂದ ಒಂದು ರೂಢಿ ಮಾಡಿಕೊಂಡಿದ್ದೇನೆ. ಗೊತ್ತಿಲ್ಲದ ಸಂಗತಿಯನ್ನು ಬದಲಾಯಿಸಿ ನೋಡುತ್ತೇನೆ. ಮನೆ ಎರಡನೇ ಮಹಡಿಯೋ ಐದನೆಯದೋ, ಉತ್ತರ ಬದಲಾಗದು, ಅದನ್ನು ಬರೆಯುವುದಿಲ್ಲ. ರಾಜ್ಯ ಬದಲಾದರೆ ಉತ್ತರವೇ ತಿರುಗಿಬೀಳುತ್ತದೆ, ಅದನ್ನು ಬರೆಯಲೇಬೇಕು. ಅದೂ ಉತ್ತರಕ್ಕಿಂತ ಮೊದಲು. ಕೊನೆಯಲ್ಲಿ ಬರೆದರೆ ನಮ್ಮ ಜನ ನಡುವಿನ ನಾಲ್ಕು ಸಾಲಿನ ಫೋಟೋ ತೆಗೆದು ವಾಟ್ಸಾಪ್‌ಗೆ ಹಾಕುತ್ತಾರೆ, ಅಡಿಟಿಪ್ಪಣಿ ಅಲ್ಲೇ ಉಳಿಯುತ್ತದೆ. ‘ಸಾಮಾನ್ಯವಾಗಿ’ ಅನ್ನುವ ಪದವೂ ಸಾಲದು. ಎಲ್ಲಿ ಸಾಮಾನ್ಯ ಅಂತ ಅದು ಹೇಳುವುದಿಲ್ಲ, ಅಲ್ವಾ?

ಈಗ ನಿಮ್ಮದಕ್ಕೆ ಬರುತ್ತೇನೆ. ಈ ಸಲದ ಲಕೋಟೆಯ ಮೇಲೆ ಡೊಂಬಿವಲಿಯ ಮುದ್ರೆ ಇದೆ. ಮನೆಯೂ ಮಹಾರಾಷ್ಟ್ರದಲ್ಲೇ ಇದೆ ಎಂದು ನಾನು ಹಿಡಿದುಕೊಂಡಿದ್ದೇನೆ, ನೀವು ಹೇಳಿದ್ದಲ್ಲ. ಹಾಗಿದ್ದರೆ ನೋಂದಣಿ ಬೇಕೇ ಬೇಕು. ಕರ್ನಾಟಕದ ನಿಮ್ಮೂರಿನ ಮನೆಯ ಮಾತಾಗಿದ್ದರೆ ಈ ಉತ್ತರ ನಿಮಗಲ್ಲ. ಮೊದಲ ಹಾಳೆಯನ್ನು ಇನ್ನೊಮ್ಮೆ ಕಳಿಸಿ, ಈ ಸಲ ಪ್ಲಾಸ್ಟಿಕ್ ಕವರಿನಲ್ಲಿ.