ಮೇಲ್ ಕಳಿಸಲಾ, ಫೋನ್ ಮಾಡಲಾ?

ಪ್ರಶ್ನೆ: ನಾನು ಬೆಂಗಳೂರಿನ ಒಂದು ಟ್ಯಾಕ್ಸ್ ಕನ್ಸಲ್ಟೆನ್ಸಿಯಲ್ಲಿ ಟೀಮ್ ಲೀಡ್. ಟೀಮಿನ ಒಬ್ಬರು ದಾವಣಗೆರೆಯ ತಮ್ಮ ಮನೆಯಿಂದಲೇ ಕೆಲಸ ಮಾಡುತ್ತಾರೆ. ನನಗಿಂತ ಹನ್ನೆರಡು ವರ್ಷ ದೊಡ್ಡವರು, 'ಸರ್' ಅಂತಲೇ ಕರೆಯುತ್ತೇನೆ. ಮೂರು ತಿಂಗಳಿಂದ ಅವರ ಜಿಎಸ್‌ಟಿ ವರ್ಕಿಂಗ್ ಶೀಟ್ ತಡವಾಗಿ ಬರುತ್ತಿದೆ. ಈ ಸಲ 19ರ ರಾತ್ರಿ ಬಂತು. ಮಾಲು ಕೊಟ್ಟವರು ತೋರಿಸಿದ ಬಿಲ್‌ಗಳ ಪಟ್ಟಿಯಾದ 2ಬಿಯಲ್ಲಿ ಇಲ್ಲದ ಎರಡು ಬಿಲ್‌ಗಳ ತೆರಿಗೆ ಕ್ರೆಡಿಟ್, 46,800 ರೂಪಾಯಿ, ಸೇರಿಸಿಬಿಟ್ಟಿದ್ದರು. 20ರ ಬೆಳಿಗ್ಗೆ ನನ್ನ ಕಣ್ಣಿಗೆ ಬಿತ್ತು, ಸದ್ಯ. 'ಮೇಲ್ ಹಾಕು, ನನಗೂ ಎಚ್‌ಆರ್‌ಗೂ ಸಿಸಿ ಇರಲಿ' ಎಂದು ಬಾಸ್ ಹೇಳುತ್ತಿದ್ದಾರೆ. ಬರೆದಿಟ್ಟಿದ್ದೇನೆ, ನಿಮಗೂ ಪ್ರತಿ ಕಳಿಸಿದ್ದೇನೆ. ಆದರೆ ಕಳಿಸಲು ಕೈ ಬರುತ್ತಿಲ್ಲ. ಫೋನ್ ಮಾಡಿದರೆ ಮಾತೇ ಹೊರಡುವುದಿಲ್ಲ ಅನ್ನುವ ಭಯ. ಏನು ಮಾಡಲಿ?
— ಹೆಸರು ಬೇಡ

ಉತ್ತರ: ಮೊದಲು ಫೋನ್ ಮಾಡಿ. ಅದೇ ದಿನ ಸಂಜೆಯೊಳಗೆ ಐದಾರು ಸಾಲಿನ ಮೇಲ್ ಹಾಕಿ. ಈಗ ಬರೆದಿಟ್ಟಿರುವ ಮೇಲ್ ಮಾತ್ರ ಬೇಡ.

ಅದನ್ನು ಎರಡು ಸಲ ಓದಿದೆ. ಬಿಲ್‌ಗಳ ವಿಷಯ ಮೊದಲ ಪ್ಯಾರಾದಲ್ಲೇ ಮುಗಿದಿದೆ, ಚೆನ್ನಾಗಿಯೇ ಇದೆ. ಆಮೇಲಿನ ನಾಲ್ಕು ಪ್ಯಾರಾಗಳಲ್ಲಿ ಅವರ ಗಮನ, ಜವಾಬ್ದಾರಿ, ಇಷ್ಟು ವರ್ಷದ ಅನುಭವ ಎಲ್ಲದರ ಬಗ್ಗೆ ತೀರ್ಪು ಕೊಟ್ಟಿದ್ದೀರಿ. ಅಷ್ಟು ಓದಿದವರಿಗೆ ಬಿಲ್ ನೆನಪಿರುವುದಿಲ್ಲ. ಅವರ ಕಣ್ಣು ನೇರ ಮೇಲಕ್ಕೆ, ಸಿಸಿಯಲ್ಲಿ ಯಾರ್ಯಾರಿದ್ದಾರೆ ಎಂದು ನೋಡಲು ಹೋಗುತ್ತದೆ. ಬರುವ ಉತ್ತರವೂ ನಿಮಗೆ ಬರೆದಿದ್ದಾಗಿರುವುದಿಲ್ಲ. ಬಾಸ್ ಮತ್ತು ಎಚ್‌ಆರ್ ಓದಲಿ ಎಂದು ಬರೆದ ಸಮಜಾಯಿಷಿ ಆಗಿರುತ್ತದೆ.

ಕೊನೆಯಲ್ಲಿ 'ಬೇಜಾರು ಮಾಡಿಕೊಳ್ಳಬೇಡಿ, ಒಳ್ಳೆಯದಕ್ಕೇ ಹೇಳುತ್ತಿದ್ದೇನೆ' ಎಂದು ಸೇರಿಸಿದ್ದೀರಿ. ನಿಮ್ಮ ಕಿವಿಯಲ್ಲಿ ಅದು ಮೆತ್ತಗೆ ಕೇಳಿಸುತ್ತದೆ, ಯಾಕೆಂದರೆ ಬರೆದವರು ನೀವೇ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಜಸ್ಟಿನ್ ಕ್ರುಗರ್, ನಿಕೋಲಸ್ ಎಪ್ಲೆ ಮತ್ತು ಸಂಗಡಿಗರು ಇದನ್ನೇ ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದರು. ಕೆಲವು ಮಾತುಗಳನ್ನು ನಿಜವಾಗಿ, ಕೆಲವನ್ನು ಕುಹಕವಾಗಿ ಹೇಳಬೇಕು. ಎದುರಿನವರು ಯಾವುದು ಯಾವುದು ಎಂದು ಗುರುತಿಸಬೇಕು. ನೂರಕ್ಕೆ 78 ಸಲ ಸರಿಯಾಗಿ ಗುರುತಿಸುತ್ತಾರೆ ಎಂದು ಹೇಳುವವರು ಅಂದಾಜು ಮಾಡಿದ್ದರು. ಮೇಲ್ ಓದಿದವರು ಸರಿಯಾಗಿ ಗುರುತಿಸಿದ್ದು 56. ನಾಣ್ಯ ಚಿಮ್ಮಿ ಹೇಳಿದರೂ ಐವತ್ತು ಸರಿ ಹೋಗುತ್ತಿತ್ತು, ಅಲ್ವಾ? ದನಿ ಕೇಳಿದವರು ಮಾತ್ರ ಮುಕ್ಕಾಲು ಪಾಲು ಹತ್ತಿರ ಸರಿ ಹೇಳಿದರು. ಅದರ ಮೇಲೆ ನಿಮ್ಮ ಮೇಲ್ ಪೂರ್ತಿ ಇಂಗ್ಲಿಷಿನಲ್ಲಿದೆ. ದಿನವೂ ಕನ್ನಡದಲ್ಲಿ ಮಾತಾಡುವ ಹುಡುಗಿ ಇದ್ದಕ್ಕಿದ್ದಂತೆ ಆಫೀಸ್ ಇಂಗ್ಲಿಷಿಗೆ ತಿರುಗಿದರೆ ಅವರಿಗೆ ಅದು ನೋಟಿಸ್ ಥರ ಕಾಣುತ್ತದೆ.

ಇನ್ನೊಂದು ವಿಷಯ ನನಗೆ ಇದಕ್ಕಿಂತ ಮುಖ್ಯ ಅನಿಸುತ್ತದೆ. ತಪ್ಪು ಏನು ಎಂದು ನಿಮಗೆ ಗೊತ್ತು, ಹೇಗಾಯಿತು ಎಂದು ಗೊತ್ತಿಲ್ಲ. 2ಬಿ ಬರುವುದು 14ಕ್ಕೆ, ತಿಂಗಳ ರಿಟರ್ನ್ ಆದ 3ಬಿ ಹಾಕಬೇಕಾದ್ದು 20ಕ್ಕೆ. ನಡುವೆ ಇರುವುದು ಐದಾರು ದಿನ, ಅದರಲ್ಲಿ ಒಂದು ಭಾನುವಾರ ಬಂದರೂ ಬಂತು. ನಿಮ್ಮ ಗ್ರಾಹಕರಾದ ಪಾರ್ಟಿಯವರು ಖರೀದಿ ಬಿಲ್‌ಗಳನ್ನು 18ರ ರಾತ್ರಿ ವಾಟ್ಸಾಪಿನಲ್ಲಿ ಫೋಟೋ ತೆಗೆದು ಕಳಿಸಿದ್ದರೆ? ಮಾಲು ಕೊಟ್ಟವರು ತಮ್ಮ ಮಾರಾಟದ ರಿಟರ್ನ್ ಆದ ಆರ್1 ಅನ್ನು 11ರೊಳಗೆ ಹಾಕದೆ, ಆ ಎರಡು ಬಿಲ್‌ಗಳು ಮುಂದಿನ ತಿಂಗಳ 2ಬಿಗೆ ಹೋಗಿದ್ದರೆ? ಅಥವಾ ಅವರು 2ಬಿ ತೆರೆದೇ ನೋಡದೆ ರಿಜಿಸ್ಟರ್ ನೋಡಿ ಕ್ರೆಡಿಟ್ ಹಾಕಿದ್ದರೆ? ಮೂರಕ್ಕೂ ಮದ್ದು ಬೇರೆ ಬೇರೆ. ಮೊದಲನೆಯದಕ್ಕೆ ನೀವು ಪಾರ್ಟಿ ಜತೆ ಮಾತಾಡಬೇಕು. ಎರಡನೆಯದರಲ್ಲಿ ತಾಳೆ ನೋಡುವ ಹಂತ ತಪ್ಪಿದೆ. ಮೂರನೆಯದು ನಿಜಕ್ಕೂ ಅಸಡ್ಡೆ. ಇದನ್ನು ತಿಳಿಯಲು ಪ್ರಶ್ನೆ ಕೇಳಬೇಕು, ಉತ್ತರ ಕೇಳಿ ಮತ್ತೆ ಕೇಳಬೇಕು. ಮೇಲಿನಲ್ಲಿ ಇದು ಎರಡು ದಿನದ ಜಗ್ಗಾಟ, ಫೋನಿನಲ್ಲಿ ಐದು ನಿಮಿಷ.

ಫೋನಿಗೂ ಒಂದು ಅಪಾಯವಿದೆ. ನಿಮ್ಮ ವಿಷಯದಲ್ಲಿ ಅದು ಒರಟಾಗುವ ಅಪಾಯ ಅಲ್ಲವೇ ಅಲ್ಲ. ಹಿರಿಯರ ಎದುರು ನಾವು ಏನು ಮಾಡುತ್ತೇವೆ? ಊಟ ಆಯ್ತಾ ಸರ್, ಮಳೆ ಇದೆಯಾ ಸರ್ ಎಂದು ಹತ್ತು ನಿಮಿಷ. ಆಮೇಲೆ 'ಏನಿಲ್ಲ ಸರ್, ಸ್ವಲ್ಪ ನೋಡ್ಕೊಳ್ಳಿ ಅಷ್ಟೆ'. ಫೋನ್ ಇಟ್ಟ ಮೇಲೆ ನಿಮಗೆ ಹೇಳಿ ಮುಗಿಸಿದೆ ಅನಿಸುತ್ತದೆ, ಅವರಿಗೆ ಏನೂ ಆಗಿಲ್ಲ ಅನಿಸುತ್ತದೆ. ಮುಂದಿನ 19ರ ರಾತ್ರಿ ಮತ್ತೆ ಅದೇ ಕಥೆ.

ಅದಕ್ಕೆ ಹಿಂದಿನ ದಿನವೇ ಮೆಸೇಜ್ ಹಾಕಿ: 'ಸರ್, ಹೋದ ತಿಂಗಳ ವರ್ಕಿಂಗ್ ಶೀಟ್ ಬಗ್ಗೆ ಮಾತಾಡಬೇಕಿತ್ತು. ಇಪ್ಪತ್ತು ನಿಮಿಷ ಸಾಕು. ನಾಳೆ ಹನ್ನೊಂದಕ್ಕೆ ಬಿಡುವಾ?' ಬರೀ 'ಸ್ವಲ್ಪ ಮಾತಾಡಬೇಕು' ಎಂದು ಹಾಕಿದರೆ ಅವರ ರಾತ್ರಿ ನಿದ್ದೆ ಹೋಗುತ್ತದೆ. ಕರೆ ಮಾಡುವಾಗ ಶೀಟು ಎದುರಿಗಿರಲಿ, ಅವರನ್ನೂ ತೆರೆಯಲು ಹೇಳಿ. ಕುಶಲ ವಿಚಾರಿಸಿ, ಒಂದೇ ಸಲ. ತಕ್ಷಣ ನಾಲ್ಕು ಸಾಲು, ಮೊದಲೇ ಚೀಟಿಯಲ್ಲಿ ಬರೆದಿಟ್ಟುಕೊಂಡದ್ದು: 'ಸರ್, ಶೀಟು 19ರ ರಾತ್ರಿ ಬಂತು. ಅದರಲ್ಲಿ 2ಬಿಯಲ್ಲಿ ಇಲ್ಲದ ಎರಡು ಬಿಲ್ ಇದ್ದವು. ಹಾಗೇ ಹಾಕಿದ್ದರೆ ಪಾರ್ಟಿ 46,800 ವಾಪಸ್ ಕಟ್ಟಬೇಕಿತ್ತು. ಕ್ರೆಡಿಟ್ ಬಳಸಿಬಿಟ್ಟಿದ್ದರೆ ಅದರ ಮೇಲೆ ಶೇ. 18 ಬಡ್ಡಿ ಬೇರೆ.' ಇಷ್ಟು ಹೇಳಿ ಸುಮ್ಮನಿರಿ. ಆ ಮೌನವನ್ನು 'ಪರವಾಗಿಲ್ಲ ಬಿಡಿ ಸರ್' ಎಂದು ತುಂಬಬೇಡಿ, ದಯವಿಟ್ಟು. ಅವರು ಮಾತಾಡಲಿ.

ಆಮೇಲೆ ಕೇಳಿ: '2ಬಿ ಯಾವತ್ತು ಇಳಿಸಿಕೊಂಡಿರಿ? ಬಿಲ್‌ಗಳು ನಿಮ್ಮ ಕೈಗೆ ಯಾವತ್ತು ಬಂದವು?' 'ಯಾಕೆ ಹೀಗೆ ಮಾಡಿದಿರಿ' ಎಂದರೆ ನೆಪ ಬರುತ್ತದೆ. ತಾರೀಖು ಕೇಳಿದರೆ ತಾರೀಖು ಬರುತ್ತದೆ. ಹಿಂದಿನ ಎರಡು ತಿಂಗಳ ತಡವನ್ನೂ ಇಲ್ಲೇ, ಒಂದೇ ವಾಕ್ಯದಲ್ಲಿ ಹೇಳಿ ಮುಗಿಸಿ.

ಸಂಜೆಯ ಮೇಲ್ ಅವರೊಬ್ಬರಿಗೇ ಹೋಗಲಿ, ಕನ್ನಡದಲ್ಲೇ ಇರಲಿ. ಹೀಗೆ ಇರಬಹುದು: 'ಸರ್, ಬೆಳಿಗ್ಗೆ ಮಾತಾಡಿದ ಹಾಗೆ, ಹೋದ ತಿಂಗಳ ಶೀಟು 19ಕ್ಕೆ ಬಂದಿತ್ತು, 2ಬಿಯಲ್ಲಿ ಇಲ್ಲದ ಎರಡು ಬಿಲ್ ಸೇರಿದ್ದವು. ಮುಂದಿನ ತಿಂಗಳಿಂದ 15ಕ್ಕೆ 2ಬಿ ಇಳಿಸಿ ರಿಜಿಸ್ಟರ್ ಜತೆ ತಾಳೆ ನೋಡುವುದು. 2ಬಿಯಲ್ಲಿ ಕಾಣದ ಬಿಲ್‌ಗಳನ್ನು ಬೇರೆ ಶೀಟಿನಲ್ಲಿ ಇಡುವುದು. 17ರ ಸಂಜೆಯೊಳಗೆ ನನಗೆ ಕಳಿಸುವುದು. 16ಕ್ಕೂ ಪಾರ್ಟಿ ಬಿಲ್ ಕೊಡದಿದ್ದರೆ ನನಗೆ ಫೋನ್ ಮಾಡಿ, ನಾನು ಮಾತಾಡುತ್ತೇನೆ. ಏನಾದರೂ ಬಿಟ್ಟಿದ್ದರೆ ಸೇರಿಸಿ.' ಅವರು 'ಸರಿ' ಎಂದು ಉತ್ತರ ಹಾಕಿದರೆ ದಾಖಲೆಯಾಯಿತು. ನಿಮ್ಮ ಬಾಸ್‌ಗೆ ಬೇಕಿರುವುದೂ ಅದೇ ತಾನೆ? ಮಾತಾಡಿದ ಮೇಲೆ ಬರಹದಲ್ಲಿ ಇಟ್ಟಿದ್ದೇನೆ, ಬೇಕಾದಾಗ ತೋರಿಸುತ್ತೇನೆ ಎಂದು ಹೇಳಿ. ಎಚ್‌ಆರ್ ಈಗಲೇ ಬೇಡ.

ದುಡ್ಡಿನ ಮೋಸ, ಪಾರ್ಟಿಯ ಲಾಗಿನ್ ಬೇರೆಯವರಿಗೆ ಕೊಟ್ಟದ್ದು, ಕಿರುಕುಳ – ಇಂಥದ್ದಾಗಿದ್ದರೆ ನಾನು ಫೋನ್ ಮಾಡಿ ಎನ್ನುತ್ತಿರಲಿಲ್ಲ. ಅವು ಮೊದಲ ದಿನದಿಂದ ಬರಹದಲ್ಲೇ, ಎಚ್‌ಆರ್ ಮೂಲಕವೇ ನಡೆಯಬೇಕು.

ಮುಂದಿನ 11 ಬಂದರೆ ಮತ್ತೆ ರಿಟರ್ನ್‌ಗಳ ಗಡಿಬಿಡಿ ಶುರು. ಅದಕ್ಕಿಂತ ಮುಂಚೆ ಮಾತಾಡಿ. ಆಮೇಲೂ ಎರಡು ತಿಂಗಳು 17 ತಪ್ಪಿದರೆ, ಆಗ ತಾರೀಖುಗಳನ್ನು ಹಾಕಿ, ಬಾಸ್‌ಗೆ ಸಿಸಿ ಇಟ್ಟು ಮೇಲ್ ಬರೆಯಿರಿ. ಕಳಿಸುವ ಮೊದಲು ಅವರಿಗೆ ಒಂದು ಫೋನ್ ಮಾಡಿ, 'ಸರ್, ಈ ಸಲ ಬರೆಯಲೇಬೇಕಾಗಿದೆ, ಸಂಜೆ ಬರುತ್ತದೆ' ಎಂದು ನೀವೇ ತಿಳಿಸಿ.