ಮಾವಶಿಯ ಪಾಕೀಟು

ಪುಣೆಯ ಕೋಥ್ರೂಡ್‌ನಲ್ಲಿ ನನ್ನ ಬಳಿ ಬಂದ ಹುಡುಗಿಗೆ ಮದುವೆಯಾಗಿ ಆರು ವಾರ ಆಗಿತ್ತು. ತವರು ವಿಜಯಪುರದ ಕಡೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಸೋಲಾಪುರದ ಸಣ್ಣ ಮಾವಶಿ, ಅಂದರೆ ಚಿಕ್ಕಮ್ಮ, ಫೋನ್ ಎತ್ತುತ್ತಿಲ್ಲ ಅನ್ನೋದೇ ಆಕೆಯ ಸಂಕಟ. "ನಾ ಥ್ಯಾಂಕ್ಸ್ ಹೇಳೀನ್ರಿ ಮೇಡಂ. ಅದರಾಗ ತಪ್ಪೇನೈತ್ರಿ?" ಎಂದಳು.

ಕಳಿಸಿದ ಮೆಸೇಜು ತೋರಿಸು ಎಂದೆ. ದೊಡ್ಡ ಮಾವಶಿಗೆ ಹೀಗಿತ್ತು: "ನಿಮ್ಮ ಉದಾರ ಉಡುಗೊರೆಗೆ ತುಂಬಾ ತುಂಬಾ ಧನ್ಯವಾದ. ಅದರಲ್ಲಿ ಫ್ರಿಜ್ ತಗೊಂಡೆವು." ಸಣ್ಣ ಮಾವಶಿಗೆ ಹೀಗೆ: "ಉಡುಗೊರೆಗೆ ಧನ್ಯವಾದ. ಎಷ್ಟು ಕೊಟ್ಟಿರಿ ಅನ್ನೋದು ಮುಖ್ಯ ಅಲ್ಲ, ನೀವು ಬಂದದ್ದೇ ದೊಡ್ಡದು."

ದೊಡ್ಡವರ ಪಾಕೀಟಿನಲ್ಲಿ 11,001 ರೂಪಾಯಿ ಇತ್ತು. ಪಿಂಚಣಿ ಮೇಲೆ ಬದುಕುವ ಸಣ್ಣವರದ್ದರಲ್ಲಿ 251. ಎರಡೂ ಮೆಸೇಜಿನಲ್ಲಿ ಅಂಕಿ ಇಲ್ಲ, ನಿಜ. ಆದರೆ "ಉದಾರ" ಅನ್ನೋದು ಅಂಕಿಯದೇ ಇನ್ನೊಂದು ಹೆಸರು. "ಎಷ್ಟು ಅನ್ನೋದು ಮುಖ್ಯ ಅಲ್ಲ" ಎಂದು ಜಾಸ್ತಿ ಕೊಟ್ಟವರಿಗೆ ಯಾರೂ ಬರೆಯೋದಿಲ್ಲ, ಅಲ್ವಾ? ಅಕ್ಕ-ತಂಗಿ ಒಂದೇ ಓಣಿಯವರು. ಸಂಜೆ ಒಟ್ಟಿಗೆ ಕೂತು ಎರಡನ್ನೂ ಓದಿದ್ದಾರೆ.

ಇದು ಹೇಗಾಯ್ತು ಅನ್ನೋದು ಆಕೆಯ ಮಾತಿನಲ್ಲೇ ಹೊರಬಂತು. ಆಹೇರದ ವಹಿಯನ್ನು, ಅಂದರೆ ಯಾರು ಎಷ್ಟು ಉಡುಗೊರೆ ಕೊಟ್ಟರು ಎಂದು ಬರೆದಿಟ್ಟ ಪುಸ್ತಕವನ್ನು, ಮುಂದೆ ತೆರೆದಿಟ್ಟುಕೊಂಡು, ಒಂದೊಂದು ಸಾಲು ನೋಡುತ್ತಾ ಬರೆದಿದ್ದಳು. ಅಂಕಿ ಕಣ್ಣೆದುರು ಇದ್ದರೆ ಕೈ ತಾನೇ ಅಳತೆ ಮಾಡುತ್ತದೆ. ಒಬ್ಬರಿಗೆ ನಾಲ್ಕು ಸಾಲು, ಇನ್ನೊಬ್ಬರಿಗೆ ಒಂದು. ವಹಿ ಬೇಕೇ ಬೇಕು, ನಾಳೆ ಅವರ ಮನೆ ಕಾರ್ಯಕ್ಕೆ ಮುಯ್ಯಿ ತೀರಿಸಬೇಕಲ್ಲ. ಅದನ್ನು ಅಮ್ಮನ ಕೈಗೆ ಕೊಡು, ನೀನು ಬರೀ ಹೆಸರುಗಳ ಪಟ್ಟಿ ಇಟ್ಟುಕೊಂಡು ಬರಿ ಎಂದೆ. ಪ್ರತಿ ಹೆಸರಿನ ಮುಂದೆ ಅವರು ಆ ದಿನ ಮಾಡಿದ ಒಂದು ಕೆಲಸ ಅಥವಾ ಆಡಿದ ಒಂದು ಮಾತು ಬರೆದುಕೋ.

ಸಣ್ಣ ಮಾವಶಿಯ ಹೆಸರಿನ ಮುಂದೆ ಏನು ಬರೀತಿ ಎಂದು ಕೇಳಿದೆ. ಸುಮ್ನೆ ಕೂತಳು. ಆಮೇಲೆ ಕಣ್ಣು ತುಂಬಿ ಬಂತು. ಮುಹೂರ್ತಕ್ಕೆ ಸ್ವಲ್ಪ ಮುಂಚೆ ತಲೆಯ ಮಲ್ಲಿಗೆ ದಂಡೆ ಜಾರಿತ್ತಂತೆ. ಮಾವಶಿ ತಮ್ಮ ತುರುಬಿನ ಪಿನ್ನು ಕಿತ್ತು ಅದಕ್ಕೆ ಸಿಕ್ಕಿಸಿದ್ದರು.

ಕ್ಷಮೆ ಕೇಳಿ ಮೆಸೇಜು ಹಾಕಲಾ ಎಂದಳು. ಬೇಡ ಎಂದೆ. "ನಾನು ಹಾಗೆ ಅಂದುಕೊಂಡಿರಲಿಲ್ಲ" ಎಂದರೆ ದುಡ್ಡಿನ ಮಾತು ಮತ್ತೆ ಎದ್ದು ನಿಲ್ಲುತ್ತದೆ. ಅದರ ಬದಲು ಕೈಯಲ್ಲಿ ಬರೆದು ಅಂಚೆಗೆ ಹಾಕು. ಅಲ್ಲೇ ಕೂತು ಬರೆದದ್ದು ಇದು:

"ಮಾವಶಿ, ನೀವು ನಸುಕಿನಲ್ಲೇ ಎದ್ದು ಹುತಾತ್ಮ ಎಕ್ಸ್‌ಪ್ರೆಸ್ ಹಿಡಿದು ಪುಣೆಗೆ ಬಂದಿರಿ. ನನ್ನ ದಂಡೆ ಜಾರಿದಾಗ ನಿಮ್ಮ ಪಿನ್ನೇ ತೆಗೆದು ಹಾಕಿದಿರಿ. ಅದು ಇನ್ನೂ ನನ್ನ ಹತ್ತಿರ ಇದೆ. ನಿಮ್ಮ ಆಶೀರ್ವಾದದ ಉಡುಗೊರೆ ನಮ್ಮ ಹೊಸ ಅಡುಗೆಮನೆಗೆ ಸೇರಿತು. ಸಂಕ್ರಾಂತಿಗೆ ಎಳ್ಳು ಕೊಡಲು ನಾವಿಬ್ಬರೂ ಬರ್ತೇವೆ."

"ಅಡುಗೆಮನೆಗೆ ಸೇರಿತು" ಅನ್ನೋದನ್ನು ಬೇಕೆಂದೇ ಇಟ್ಟೆವು. 251 ಕೊಟ್ಟವರಿಗೆ ಫ್ರಿಜ್ ತಗೊಂಡೆವು ಎಂದರೆ ಅಣಕಿಸಿದ ಹಾಗೆ. ಪಾತ್ರೆ ತಗೊಂಡೆವು ಎಂದರೆ ಅಳೆದ ಹಾಗೆ. ಎಲ್ಲರ ಉಡುಗೊರೆಯೂ ಸೇರುವ ಒಂದೇ ಜಾಗ ಹೇಳಿದರೆ ಯಾರ ಪಾಲು ಎಷ್ಟು ಎಂಬ ಪ್ರಶ್ನೆಯೇ ಏಳೋದಿಲ್ಲ. "ಆಶೀರ್ವಾದ" ಹಿರಿಯರಿಗೆ ಮಾತ್ರ ಹೊಂದುತ್ತದೆ. ಗೆಳತಿಯರಿಗೆ ಬರೀ "ಉಡುಗೊರೆ" ಸಾಕು.

ಯುಪಿಐ ಮೂಲಕ ಕಳಿಸಿದವರಿಗೆ ಈಕೆ ಆ ಆಪ್‌ನ ಚಾಟ್‌ನಲ್ಲೇ ಥ್ಯಾಂಕ್ಸ್ ಹಾಕಿದ್ದಳು. ಅಲ್ಲಿ ಮೊತ್ತ ನಮ್ಮ ಮಾತಿನ ತಲೆಯ ಮೇಲೇ ಕೂತಿರುತ್ತದೆ. ಬೇರೆ ಕಡೆ ಬರಿ ಎಂದೆ.

ಒಬ್ಬ ಕಾಕಾ ಬೇರೆಯವರ ಕೈಯಲ್ಲಿ ಪಾಕೀಟು ಕಳಿಸಿದ್ದರು. ಅವರಿಗೆ ಅದು ಮುಟ್ಟಿತೋ ಇಲ್ಲವೋ ಎಂಬ ಚಿಂತೆ ಇರುತ್ತದೆ. "ನಿಮ್ಮ ಪಾಕೀಟು ಮುಟ್ಟಿತು ಕಾಕಾ" ಎಂದು ಫೋನಿನಲ್ಲಿ ಹೇಳಿದರೆ ಆಯ್ತು. ಎಷ್ಟಿತ್ತು ಎಂದು ಅವರೇ ಕೇಳಿದರೆ ಮಾತ್ರ ಹೇಳಬೇಕು. ಹೆಚ್ಚುಕಮ್ಮಿ ಕಂಡರೆ ಅದನ್ನು ವಿಚಾರಿಸೋದು ಅಮ್ಮನ ಕೆಲಸ, ಹೊಸ ಮದುಮಗಳದ್ದಲ್ಲ.

ದೊಡ್ಡ ಮಾವಶಿಗೆ ಎರಡನೇ ಪತ್ರ ಬೇಡ ಎಂದು ತೀರ್ಮಾನಿಸಿದೆವು. ಉಳಿದವರಿಗೆ ದಿನಕ್ಕೆ ಐದಾರು ಬರೆದಳು, ಎಲ್ಲರಿಗೂ ಮೂರು ನಾಲ್ಕು ಸಾಲು.

ಪತ್ರ ಹಾಕಿ ಹತ್ತು ದಿನಕ್ಕೆ ಸೋಲಾಪುರದಿಂದ ಫೋನ್ ಬಂತಂತೆ. ಮಾವಶಿ ಪತ್ರದ ಮಾತೇ ಎತ್ತಲಿಲ್ಲ. ಸಂಕ್ರಾಂತಿಗೆ ಎಷ್ಟು ಗಂಟೆಗೆ ಬರ್ತೀರಿ, ಶೇಂಗಾ ಹೋಳಿಗೆ ಮಾಡಲಾ, ಅಳಿಯಂದಿರಿಗೆ ಸೇರುತ್ತಾ ಎಂದು ಕೇಳಿದರಂತೆ.