ಪ್ರತಿಕ್ರಿಯೆ: ಸೋಪುಗಳ ಹೆಸರು ಮತ್ತು ಕೋಡ್

"ಬೇವು, ಅರಿಶಿನ, ಗಂಧ ಅಂತ ಒಂಬತ್ತು ಬಗೆ ಸೋಪು ಮಾಡ್ತೀನಿ. ಹೆಸರು, ಕೋಡ್ ಒಂದೇ ರೀತಿ ಇಡೋದು ಹೇಗೆ?"

ಮೊದಲು ಮುಖ್ಯ ಪದಾರ್ಥ, ಆಮೇಲೆ ಪರಿಮಳ, ಕೊನೆಗೆ ತೂಕ. ಈ ಕ್ರಮ ಯಾವ ಸೋಪಿಗೂ ತಪ್ಪಬಾರದು. "ಬೇವು-ತುಳಸಿ 100 ಗ್ರಾಂ" ಅಂದ್ರೆ `BEV-TUL-100`. ಪರಿಮಳ ಹಾಕದ ಸೋಪಿಗೆ `BEV-000-100` ಅನ್ನಿ. ಆ ಜಾಗ ಬಿಟ್ಟರೆ ಎಕ್ಸೆಲ್‌ನಲ್ಲಿ ಕೋಡ್ ಒಡೆದಾಗ ತೂಕ ಹೋಗಿ ಪರಿಮಳದ ಕಾಲಂನಲ್ಲಿ ಕೂರುತ್ತೆ. ಒಮ್ಮೆ `BEV`, ಇನ್ನೊಮ್ಮೆ `NEM` ಬರೆದರೆ ಒಂದೇ ಸೋಪು ಸ್ಟಾಕಿನಲ್ಲಿ ಎರಡಾಗುತ್ತೆ, ಹಾಗಾಗಿ ಕನ್ನಡದ ಹೆಸರನ್ನೇ ಹಿಡಿಯಿರಿ.

ತೂಕ ಮಾತ್ರ ಕತ್ತರಿಸಿದ ದಿನದ್ದು ಬೇಡ. ಕೋಲ್ಡ್ ಪ್ರೊಸೆಸ್ ಸೋಪು 4-6 ವಾರ ಒಣಗುವಾಗ ನೀರು ಆರಿ ಹಗುರಾಗುತ್ತೆ. ಒಣಗಿದ ಮೇಲೆ ತೂಗಿ.

ಗಂಧದೆಣ್ಣೆ ಇಲ್ಲದೆ ಬರೀ ಕೃತಕ ಸುಗಂಧ ಹಾಕಿದ್ದರೆ "ಗಂಧದ ಪರಿಮಳ" ಅಂತಲೇ ಬರೆಯಿರಿ. ಬ್ಯಾಚ್ ನಂಬರ್ ಹೆಸರಿಗೆ ಸೇರಿಸದೆ ಬೇರೆ ಸಾಲಿನಲ್ಲಿ ಹಾಕಿ.